ಸೈರನ್ನಿನ ದನಿಯಿಂದ ಆಂಬುಲೆನ್ಸ್‌ನ ವೇಗ: ಈವರೆಗಿನ ಪ್ರಗತಿ

ಕಾರವಾರ ಮತ್ತು ಅಂಕೋಲಾ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ನಿಂತು ಆಂಬುಲೆನ್ಸ್ ಸೈರನ್‌ಗಳನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವ ಕೆಲಸ ಒಂದು ಹಂತಕ್ಕೆ ಬಂದಿದ್ದು, ಈಗ ದನಿಯಿಂದಲೇ ವಾಹನದ ವೇಗವನ್ನು ಲೆಕ್ಕ ಹಾಕಲು ಸಾಧ್ಯವಾಗಿದೆ.

ಸೈರನ್ ಸೆಕೆಂಡಿಗೆ 1000 ಕಂಪನಗಳನ್ನು ಹೊರಡಿಸುತ್ತಿದೆ ಎಂದಿಟ್ಟುಕೊಳ್ಳೋಣ. ನಮ್ಮ ಕರಾವಳಿಯ ಬಿಸಿ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 350 ಮೀಟರ್ ಸಾಗುವುದರಿಂದ, ವಾಹನ ನಿಂತಿದ್ದರೆ ಒಂದು ಅಲೆಗೂ ಮುಂದಿನ ಅಲೆಗೂ 35 ಸೆಂ.ಮೀ. ಅಂತರವಿರುತ್ತದೆ. ಗಂಟೆಗೆ 72 ಕಿ.ಮೀ. ವೇಗದ ವಾಹನವು ಎರಡು ಅಲೆಗಳ ನಡುವಿನ ಅವಧಿಯಲ್ಲಿ 2 ಸೆಂ.ಮೀ. ಮುಂದೆ ಸರಿದಿರುತ್ತದೆ, ಹಾಗಾಗಿ ಅದರ ಮುಂದಿನ ಅಲೆಗಳ ಅಂತರ 33 ಸೆಂ.ಮೀ.ಗೆ ಕುಗ್ಗಿ 1061 ಹರ್ಟ್ಜ್ ಕೇಳಿಸಿದರೆ, ಹಿಂದೆ ಅದು 37 ಸೆಂ.ಮೀ.ಗೆ ಹಿಗ್ಗಿ 946 ಹರ್ಟ್ಜ್ ಕೇಳಿಸುತ್ತದೆ. ಈ ಇಳಿತವು ಹಿಂದೂಸ್ತಾನಿ ಸಂಗೀತದ ಶುದ್ಧ ರಿಷಭದಿಂದ ಷಡ್ಜಕ್ಕೆ ಬಂದಷ್ಟು ದೊಡ್ಡದು.

ಅಳೆಯುವಾಗಿನ ತೊಡಕೆಂದರೆ, ಸೈರನ್ನಿನ ದನಿ ತಾನಾಗಿಯೇ ಏರಿಳಿಯುತ್ತಿರುತ್ತದೆ. ಆದ್ದರಿಂದ ಆವೃತ್ತಿಯ ಏರಿಳಿತವನ್ನು ಚಿತ್ರವಾಗಿ ತೋರಿಸುವ, ಆಡಾಸಿಟಿ ತಂತ್ರಾಂಶದ ಸ್ಪೆಕ್ಟ್ರೋಗ್ರಾಂ ನೋಟದಲ್ಲಿ ಪ್ರತಿ ಏರಿಕೆಯ ತುದಿಯನ್ನು ಮಾತ್ರ ಗುರುತಿಸಿ, ತುದಿಗೆ ತುದಿಯನ್ನು ಹೋಲಿಸಬೇಕು. ಅತ್ಯಂತ ಸ್ಪಷ್ಟವಾದ ಮುದ್ರಣದಲ್ಲಿ ಸಮೀಪಿಸುವಾಗಿನ ತುದಿ 1485 ಹರ್ಟ್ಜ್, ದೂರ ಸರಿಯುವಾಗಿನದು 1325 ಹರ್ಟ್ಜ್ ಇತ್ತು. ಇವೆರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ ಶಬ್ದದ ವೇಗದಿಂದ ಗುಣಿಸಿದರೆ ವಾಹನದ ವೇಗ ದೊರೆಯುತ್ತದೆ:

```
v = 350 × (1485 − 1325) / (1485 + 1325) ≈ 19.9 m/s
```

ಅಂದರೆ ಗಂಟೆಗೆ ಸುಮಾರು 72 ಕಿ.ಮೀ. ಸೈರನ್ನಿನ ಮೂಲ ಆವೃತ್ತಿ ಎಷ್ಟೆಂದು ತಿಳಿಯಬೇಕಾದ ಅಗತ್ಯವೇ ಇಲ್ಲದಿರುವುದು ಈ ವಿಧಾನದ ಸೊಗಸು. ಆದರೆ ವ್ಯತ್ಯಾಸವನ್ನು ಓದುವಲ್ಲಿ 10 ಹರ್ಟ್ಜ್ ತಪ್ಪಿದರೂ ಉತ್ತರ ನಾಲ್ಕೈದು ಕಿ.ಮೀ. ಬದಲಾಗುತ್ತದೆ.

ವಾಹನ ಹತ್ತಿರವಾದಂತೆ ಶ್ರುತಿ ಏರುತ್ತಾ ಹೋಗುತ್ತದೆ ಎಂಬ ಭಾವನೆ ಸಾಮಾನ್ಯವಾಗಿದ್ದರೂ ಮುದ್ರಣಗಳು ಹಾಗೆ ತೋರಿಸುವುದಿಲ್ಲ. ಏರುವುದು ದನಿಯ ಗಟ್ಟಿತನ ಮಾತ್ರ. ನೇರ ರಸ್ತೆಯಲ್ಲಿ ಸಮವೇಗದಿಂದ ಬರುವ ವಾಹನದ ಶ್ರುತಿ ದೂರದಲ್ಲಿದ್ದಾಗಲೇ ಗರಿಷ್ಠವಾಗಿದ್ದು, ಆಮೇಲೆ ಇಳಿಯುತ್ತದಷ್ಟೇ. ಏಕೆಂದರೆ ಲೆಕ್ಕಕ್ಕೆ ಬರುವುದು ವೇಗದಲ್ಲಿ ನಮ್ಮ ಕಡೆಗಿರುವ ಪಾಲು ಮಾತ್ರ. ರಸ್ತೆಯಿಂದ 10 ಮೀಟರ್ ದೂರದಲ್ಲಿ ನಿಂತವರಿಗೆ, ವಾಹನ ರಸ್ತೆಯುದ್ದಕ್ಕೆ 50 ಮೀಟರ್ ಆಚೆಯಿದ್ದಾಗ ಆ ಪಾಲು ಶೇ. 98, 10 ಮೀಟರ್ ಆಚೆಯಿದ್ದಾಗ ಶೇ. 71, ಎದುರಿಗೆ ಬಂದಾಗ ಸೊನ್ನೆ. ಹೀಗಾಗಿ ಇಳಿತದ ಬಹುಭಾಗ ಒಂದೇ ಸೆಕೆಂಡಿನಲ್ಲಿ ಮುಗಿಯುತ್ತದೆ. 50 ಮೀಟರ್ ದೂರ ನಿಂತರೆ ಅದಕ್ಕೆ ಐದು ಸೆಕೆಂಡು ಬೇಕು.

ಈ ನಿಧಾನವಾದ ಇಳಿತವನ್ನು ಮುದ್ರಿಸುವುದು ಮುಂದಿನ ಹಂತ. ಏರಿಳಿಯುವ ಸೈರನ್ನಿನಲ್ಲಿ ಅದು ಮುಚ್ಚಿಹೋಗುವುದರಿಂದ ಒಂದೇ ಸಮನೆ ಮೊಳಗುವ ದನಿ ಬೇಕಾಗಿದೆ. ಚಲನೆಯಿಂದ ಅಲೆಗಳ ಆವೃತ್ತಿ ಬದಲಾಗುತ್ತದೆಂದು ಡಾಪ್ಲರ್ 1842ರಲ್ಲಿ ಮಂಡಿಸಿದ ಸಿದ್ಧಾಂತವನ್ನು 1845ರಲ್ಲಿ ಡಚ್ ವಿಜ್ಞಾನಿ ಬೈಸ್ ಬಾಲಟ್ ಅವರು ರೈಲಿನಲ್ಲಿ ಕಹಳೆ ಊದಿಸಿ ಪರೀಕ್ಷಿಸಿದ್ದರು. ನಾನು ಕೊಂಕಣ ರೈಲಿನ ಹಾರ್ನ್‌ ಅನ್ನು ಹಳಿಯಿಂದ 50 ಮೀಟರ್ ದೂರದಲ್ಲಿ ಮುದ್ರಿಸಲಿದ್ದೇನೆ. ರೈಲು ಗಂಟೆಗೆ 90 ಕಿ.ಮೀ. ವೇಗದಲ್ಲಿದ್ದು ಹಾರ್ನ್ ಉದ್ದಕ್ಕೆ ಮೊಳಗಿದರೆ, ಇಳಿತದ ಬಹುಭಾಗ ನಾಲ್ಕು ಸೆಕೆಂಡುಗಳಲ್ಲಿ ಹರಡಿಕೊಂಡಿರಬೇಕು.