ವಸಂತದ ಬೆಳಗಿಗೊಂದು ಚಂಪಕಮಾಲೆ: ಛಂದಸ್ಸಿನ ತರಗತಿಯ ಪದ್ಯ ರೂಪುಗೊಂಡ ದಿನಚರಿ

ಕೊಟ್ಟ ಕೆಲಸ ಇಷ್ಟು: ವಸಂತದ ಮುಂಜಾನೆಯ ಮೇಲೆ ಚಂಪಕಮಾಲೆಯಲ್ಲಿ ನಾಲ್ಕು ಪಾದದ ಒಂದು ಪದ್ಯ, ಜೊತೆಗೆ ಪ್ರಸ್ತಾರ. ಆದಿಪ್ರಾಸ ಕಡ್ಡಾಯ. ಪದ್ಯ ಹಳಗನ್ನಡದ ಹದದಲ್ಲಿರಬೇಕು.

ದಿನ 1: ಲೆಕ್ಕ

ಚಂಪಕಮಾಲೆ ಖ್ಯಾತ ಕರ್ನಾಟಕ ವೃತ್ತಗಳು ಆರರಲ್ಲಿ ಒಂದು. ಪಾದಕ್ಕೆ 21 ಅಕ್ಷರ. ಗಣಗಳು ನ, ಜ, ಭ, ಜ, ಜ, ಜ, ರ. ನೆನಪಿಗೆ ಎಲ್ಲರೂ ಹೇಳುವ ಸೂತ್ರ ‘ನಜಭಜಜಂಜರಂ ಬಗೆಗೊಳುತ್ತಿರೆ ಚಂಪಕಮಾಲೆಯೆಂದಪರ್’. ಆ ಸಾಲೇ ಚಂಪಕಮಾಲೆಯ ಒಂದು ಪಾದ. ಹಾಗಾಗಿ ಬರೆದ ಸಾಲನ್ನು ಅದರ ಕೆಳಗಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ತಪ್ಪು ಕಣ್ಣಿಗೆ ಬೀಳುತ್ತದೆ. ಲಘುವಿಗೆ U, ಗುರುವಿಗೆ – ಹಾಕಿದರೆ ಹೀಗೆ:

```
U U U | U – U | – U U | U – U | U – U | U – U | – U –
```

ಗುರು ಬೀಳುವುದು ಏಳೇ ಜಾಗದಲ್ಲಿ: 5, 7, 11, 14, 17, 19, 21. ಮಿಕ್ಕ 14 ಲಘು. ಗಣದ ಹೆಸರಿಗಿಂತ ಈ ಏಳು ಸಂಖ್ಯೆಗಳೇ ಬರೆಯುವಾಗ ಹೆಚ್ಚು ಕೆಲಸಕ್ಕೆ ಬಂದವು. ಇವನ್ನು ನೋಡಿದರೆ ಇನ್ನೊಂದು ಸಂಗತಿಯೂ ಹೊಳೆಯುತ್ತದೆ: ಇಡೀ ಪಾದದಲ್ಲಿ ಎರಡು ಗುರು ಎಲ್ಲಿಯೂ ಅಕ್ಕಪಕ್ಕ ನಿಲ್ಲುವುದಿಲ್ಲ. ವಿಷಯಕ್ಕೆ ತೀರ ಬೇಕಾದ ಮಾತುಗಳು ಇಲ್ಲೇ ಕೈಬಿಟ್ಟುಹೋಗುತ್ತವೆ. ‘ಮುಂಜಾನೆ’ಯಲ್ಲಿ ಮೊದಲೆರಡೂ ಗುರು, ‘ಸೂರ್ಯೋದಯ’ದಲ್ಲಿಯೂ ಅಷ್ಟೇ. ಇವೆರಡೂ ಚಂಪಕಮಾಲೆಯ ಯಾವ ಮೂಲೆಗೂ ಹೊಂದುವುದಿಲ್ಲ. ಎಷ್ಟು ಹೆಣಗಿದರೂ ಹೊಂದುವುದಿಲ್ಲವೆಂದು ಮೊದಲೇ ತಿಳಿದಿದ್ದರೆ ಒಂದು ಸಂಜೆ ಉಳಿಯುತ್ತದೆ.

ದಿನ 2: ಮಾತುಗಳಿಗೆ ಜಾಗ ಹುಡುಕಿದ್ದು

ಸಾಲು ಬರೆಯುವ ಮೊದಲು ವಸಂತಕ್ಕೆ ಸಂಬಂಧಿಸಿದ ಮಾತುಗಳ ತೂಕ ನೋಡಿ, ಯಾವುದು ಎಲ್ಲಿ ಕೂರುತ್ತದೆಂದು ಬರೆದಿಟ್ಟುಕೊಂಡದ್ದು. ‘ವಸಂತ’ ಲಘು-ಗುರು-ಲಘು. ಇದಕ್ಕೆ ಆರು ಜಾಗ ಇವೆ, ಏಕೆಂದರೆ ಕೊನೆಯದೊಂದನ್ನು ಬಿಟ್ಟು ಪ್ರತಿ ಗುರುವಿನ ಎರಡೂ ಬದಿಗೆ ಲಘು ಇದೆ. ‘ಕೋಗಿಲೆ’, ‘ಇಬ್ಬನಿ’ ಗುರುವಿನಿಂದ ಶುರುವಾಗಿ ಎರಡು ಲಘುವಿನಲ್ಲಿ ಮುಗಿಯುತ್ತವೆ. ಇವು 7, 11 ಅಥವಾ 14ರಿಂದ ಶುರುವಾಗಬಹುದು. ಪಾದದ ಮೊದಲಿಗೆ ಬರುವಂತಿಲ್ಲ. ‘ಮುಂಬೆಳಗು’ ಒಂದು ಗುರು, ಮೂರು ಲಘು. ಗುರುವಿನ ಬೆನ್ನಿಗೆ ಮೂರು ಲಘು ಸಾಲಾಗಿ ಸಿಗುವುದು 7ರ ನಂತರ ಮಾತ್ರ, ಅಂದರೆ ಈ ಪದಕ್ಕೆ ಒಂದೇ ಒಂದು ಜಾಗ.

ಪಾದದ ಆರಂಭಕ್ಕೆ ನಾಲ್ಕು ಲಘು ಬೇಕು. ಕೋಗಿಲೆಯನ್ನು ಅಲ್ಲಿ ತರಲಾಗದ್ದರಿಂದ ‘ಪಿಕ’ ಬಂತು.

ವಿಭಕ್ತಿಯ ವಿಚಾರವೂ ಇಲ್ಲೇ ಇತ್ಯರ್ಥವಾಯಿತು. ಹೊಸಗನ್ನಡದ ‘-ಇಂದ’, ‘-ಅನ್ನು’ ಬಳಸಿದರೆ ಗುರುವಿನ ಬೆನ್ನಿಗೊಂದು ಲಘು ಅಂಟಿಕೊಂಡೇ ಬರುತ್ತದೆ. ಹಳಗನ್ನಡದ ‘-ಇಂ’, ‘-ಅಂ’ ಒಂದೇ ಗುರುವಿನಲ್ಲಿ ಮುಗಿಯುತ್ತವೆ. 7ನೆಯ ಅಕ್ಷರದಲ್ಲಿ ಮಾತು ನಿಂತು 8ರಿಂದ ಹೊಸ ಮಾತು ಏಳಬೇಕಾದರೆ ಈ ಮೊಟಕು ಪ್ರತ್ಯಯಗಳೇ ಸುಲಭ. ಹಳಗನ್ನಡವನ್ನು ಅಲಂಕಾರಕ್ಕೆಂದು ಹಚ್ಚಿಕೊಂಡದ್ದಲ್ಲ, ವೃತ್ತವೇ ಅದನ್ನು ಕೇಳುತ್ತದೆ.

ದಿನ 3: ಪ್ರಾಸ

ಪ್ರಾಸಗಳು ಆರು: ಸಿಂಹ, ಗಜ, ವೃಷಭ, ಶರಭ, ಅಜ, ಹಯ. ಚಂಪಕಮಾಲೆಯಲ್ಲಿ ಇವುಗಳಲ್ಲಿ ಆಯ್ಕೆಯೇ ಇಲ್ಲ. ಮೊದಲಕ್ಷರ ಲಘುವಾಗಿರಲೇಬೇಕು. ಅದು ದೀರ್ಘವಾದರೆ, ಮುಂದೆ ಸೊನ್ನೆ, ವಿಸರ್ಗ ಬಂದರೆ, ಪ್ರಾಸಾಕ್ಷರ ಒತ್ತಕ್ಷರವಾದರೆ ಅದು ಗುರುವಾಗಿಬಿಡುತ್ತದೆ. ಉಳಿಯುವುದು ಸಿಂಹಪ್ರಾಸ ಒಂದೇ: ಮೊದಲಕ್ಷರ ಹ್ರಸ್ವ, ಎರಡನೆಯದು ಒಂಟಿ ವ್ಯಂಜನ.

ಆ ವ್ಯಂಜನಕ್ಕೆ ‘ಲ’ ಆರಿಸಿದ್ದು. ವಸಂತಕ್ಕೆ ಬೇಕಾದ ಪುಟ್ಟ ಮಾತುಗಳು ಲಕಾರದಲ್ಲಿ ಧಾರಾಳ: ಅಲರ್ (ಹೂವು), ಎಲರ್ (ಗಾಳಿ), ಉಲಿ, ಮಲೆ, ನಲಿ, ಚೆಲುವು, ಪೊಲ. ಮೊದಲ ಕರಡಿನಲ್ಲಿ ಒಂದು ಪಾದ ‘ತಳಿರ ಪೊದರ್ಗಳಂ’ ಎಂದು ಶುರುವಾಗಿತ್ತು. ಗುರು ಲಘು ಸರಿಯಿದ್ದರೂ ಅಲ್ಲಿರುವುದು ಳಕಾರ. ಲಕಾರದ ಪ್ರಾಸದಲ್ಲಿ ಳಕಾರ ಬಂದರೆ ಪ್ರಾಸಭಂಗ. ಓದುವಾಗ ಕಿವಿ ಮೋಸಹೋಗುತ್ತದೆ, ಅದಕ್ಕೇ ಎರಡನೆಯ ಅಕ್ಷರವನ್ನು ಬರಹದಲ್ಲಿ ಮೇಲಿಂದ ಕೆಳಗೆ ಒಮ್ಮೆ ಓದಿ ನೋಡಬೇಕು. ಆದರೆ ‘ತಳಿರ’ ಮೂರು ಲಘುವಿನ ಮಾತು. ಮೂರು ಲಘು 8ರಿಂದ 10ರವರೆಗೂ ಇವೆ. ಪಾದದ ಮೊದಲಿನಿಂದ ತೆಗೆದ ಮಾತು ನಡುವೆ ಹೋಗಿ ಕುಳಿತುಕೊಂಡಿತು.

ದಿನ 4 ಮತ್ತು 5: ಕರಡು ಮುರಿದ ಕಡೆಗಳು

ಮೊದಲ ಪಾದ ‘ಉಲಿವ ಪಿಕಂಗಳಿಂ ನನೆಯ ಮಾವಿನ ಕೊಂಬುಗಳೆಲ್ಲ ಪಾಡುಗುಂ’ ಎಂದಿತ್ತು. ವೃತ್ತದ ದೃಷ್ಟಿಯಿಂದ ತಪ್ಪಿಲ್ಲ. ಆದರೆ ಗಾಳಿಯ ಪಾದದಲ್ಲಿಯೂ ಅದೇ 17-18ನೆಯ ಜಾಗದಲ್ಲಿ ‘ಎಲ್ಲ’ ಬಂದಿತ್ತು. ಒಂದೇ ತಾವಿನಲ್ಲಿ ಒಂದೇ ತುಂಬುಪದ ಎರಡು ಸಲ ಬಂದರೆ ಮಾತು ಸಾಲದೆ ಹಾಕಿದ್ದೆಂದು ಗೊತ್ತಾಗಿಬಿಡುತ್ತದೆ. ಅಲ್ಲಿ ‘ಕೊಂಬಿನೊಳಿಂಪು ಪೊಣ್ಮುಗುಂ’ ಎಂದು ತಿದ್ದಿದ ಮೇಲೆ ಅರ್ಥವೂ ಗಟ್ಟಿಯಾಯಿತು: ಕೊಂಬೆ ಹಾಡುತ್ತಿಲ್ಲ, ಕೊಂಬೆಯಲ್ಲಿ ಇಂಪು ಉಕ್ಕುತ್ತಿದೆ.

ಬೆಟ್ಟದ ಪಾದಕ್ಕೆ ‘ಮಲೆಯ ಶಿರಂಗಳಂ ಎಳೆಯ ನೇಸರ’ ಎಂಬ ಆರಂಭ ತುಂಬ ಇಷ್ಟವಾಗಿತ್ತು. ತೊಡಕು ಸಂಧಿಯದು. ‘ಶಿರಂಗಳಂ’ ಮುಂದೆ ಸ್ವರ ಬಂದಾಗ ಅದು ‘ಶಿರಂಗಳನೆಳೆಯ’ ಆಗಬೇಕು. ಆಗ ‘ಳಂ’ ಎಂಬ ಗುರು ಕಳೆದು ‘ಳ’ ಎಂಬ ಲಘು ಉಳಿಯುತ್ತದೆ. ಅಕ್ಷರದ ಎಣಿಕೆ ಬದಲಾಗುವುದಿಲ್ಲ, 21 ಸರಿಯಾಗಿಯೇ ಬರುತ್ತದೆ, 7ನೆಯದು ಮಾತ್ರ ಮುರಿದಿರುತ್ತದೆ. ಬೆರಳು ಮಡಿಸಿ ಎಣಿಸುವವರಿಗೆ ಇದು ಸಿಗುವುದೇ ಇಲ್ಲ. ಸಂಧಿ ಬಿಡಿಸಿ ಬರೆದರೆ ವಿಸಂಧಿ ದೋಷ. ಆದ್ದರಿಂದ ಸೊನ್ನೆಯಲ್ಲಿ ಮುಗಿಯುವ ಮಾತಿನ ಮುಂದೆ ವ್ಯಂಜನದಿಂದ ಶುರುವಾಗುವ ಮಾತೇ ಬರಲಿ ಎಂದು ‘ತಳಿರ ಕೆಂಪಿನ ನೇಸರ’ ಆಯಿತು.

ಕೊನೆಯ ಪಾದ ಮೊದಲು ‘ನಲಿದು ಪ್ರಭಾತದೀ’ ಎಂದಿತ್ತು. ಬಿಡಿಯಾಗಿ ನೋಡಿದರೆ ‘ನಲಿದು’ ಮೂರು ಲಘು. ‘ಪ್ರ’ ಮುಂದೆ ಬಂದಕೂಡಲೇ ‘ದು’ ಗುರುವಾಗುತ್ತದೆ, ನಗಣ ಹೋಗಿ ಸಗಣ ಆಗುತ್ತದೆ. ಪದಗಳ ನಡುವೆ ಖಾಲಿ ಜಾಗ ಬಿಟ್ಟು ಬರೆದಿದ್ದರೂ ಛಂದಸ್ಸಿನ ಲೆಕ್ಕಕ್ಕೆ ಪಾದ ಒಂದೇ ಎಳೆ. ಒತ್ತಕ್ಷರದಿಂದ ಶುರುವಾಗುವ ಮಾತಿನ ಹಿಂದಿನ ಅಕ್ಷರ ಮೊದಲೇ ಗುರುವಾಗಿದ್ದರೆ ಮಾತ್ರ ಹಾನಿಯಿಲ್ಲ. ಅಂದರೆ ಅಂಥ ಮಾತು ಪಾದದ ನಡುವೆ 6, 8, 12, 15, 18, 20ರಲ್ಲಿ ಮಾತ್ರ ಶುರುವಾಗಬೇಕು. ಪ್ರಭಾತದ ಜಾಗಕ್ಕೆ ಅದೇ ತೂಕದ ‘ವಸಂತ’ ಬಂತು. ವಿಷಯದ ಹೆಸರೂ ಪದ್ಯದೊಳಗೆ ಸೇರಿತು.

ದಿನ 6: ಪಾದಗಳ ಕ್ರಮ

ಕರಡಿನಲ್ಲಿ ಗಾಳಿಯ ಪಾದ ಎರಡನೆಯದಾಗಿತ್ತು. ‘ಪೊಣ್ಮುಗುಂ’ ಬೆನ್ನಿಗೇ ‘ಎಲರ್’ ಬಂದು ಮತ್ತೆ ಸಂಧಿಯ ಪ್ರಶ್ನೆ. ಬೆಟ್ಟದ ಪಾದವನ್ನು ಮೇಲಕ್ಕೆ ತಂದು ಗಾಳಿಯನ್ನು ಮೂರನೆಯದಕ್ಕೆ ಇಳಿಸಿದ ಮೇಲೆ ಆ ಸ್ವರ ಪದ್ಯಾರ್ಧದ ನಿಲುಗಡೆಯ ಆಚೆಗೆ ಬಿತ್ತು. ಅಲ್ಲಿಯೂ ಸಂಧಿ ಮಾಡಲೇಬೇಕೆಂದರೆ ‘ತೀಡುಗು / ಮೆಲರಲರಂ’ ಎಂದು ಒಡೆಯಬಹುದು. ಪಾದಾಂತದ ಲಘುವನ್ನು ಗುರುವೆಂದೇ ಎಣಿಸುವುದರಿಂದ ವೃತ್ತ ಕೆಡುವುದಿಲ್ಲ, ಎರಡನೆಯ ಅಕ್ಷರ ಲಕಾರವಾಗಿಯೇ ಇರುತ್ತದೆ. ಬೆಳಗಿನ ನಡೆಗೂ ಈ ಕ್ರಮವೇ ಸರಿ: ಕತ್ತಲಿರುವಾಗಲೇ ಹಕ್ಕಿಯ ದನಿ, ಆಮೇಲೆ ಬೆಟ್ಟದ ತುದಿಗೆ ಬೆಳಕು, ಗಾಳಿ, ಕೊನೆಗೆ ಎಚ್ಚರ.

ದಿನ 7: ಒಪ್ಪಿಸಿದ ಪದ್ಯ

ಉಲಿವ ಪಿಕಂಗಳಿಂ ನನೆಯ ಮಾವಿನ ಕೊಂಬಿನೊಳಿಂಪು ಪೊಣ್ಮುಗುಂ
ಮಲೆಯ ಶಿರಂಗಳಂ ತಳಿರ ಕೆಂಪಿನ ನೇಸರ ಕಾಂತಿ ತೀಡುಗುಂ
ಎಲರಲರಂ ಪಳಂಚಿ ಪೊಸಕಂಪನೆ ತೋಂಟದೊಳೆಲ್ಲ ಬೀರುಗುಂ
ನಲಿದು ವಸಂತದೀ ಬೆಳಗು ಲೋಕದ ಕಣ್ಗಳ ನಿದ್ದೆ ನೂಂಕುಗುಂ

ಅರ್ಥ: ಉಲಿಯುವ ಕೋಗಿಲೆಗಳಿಂದ, ಮೊಗ್ಗು ಬಿಟ್ಟ ಮಾವಿನ ಕೊಂಬೆಯಲ್ಲಿ ಇಂಪು ಹೊಮ್ಮುತ್ತದೆ. ಚಿಗುರಿನ ಕೆಂಪು ಬಣ್ಣದ ಸೂರ್ಯನ ಕಾಂತಿ ಬೆಟ್ಟದ ತಲೆಗಳನ್ನು ಸವರುತ್ತದೆ. ಗಾಳಿ ಹೂವನ್ನು ತಾಗಿ ತೋಟದಲ್ಲೆಲ್ಲ ಹೊಸ ಕಂಪನ್ನು ಬೀರುತ್ತದೆ. ವಸಂತದ ಈ ಬೆಳಗು ನಲಿದು ಲೋಕದ ಕಣ್ಣುಗಳ ನಿದ್ದೆಯನ್ನು ನೂಕುತ್ತದೆ.

ಗಣ ವಿಂಗಡಿಸಿದಾಗ ಪಾದಗಳು ಹೀಗೆ ಒಡೆಯುತ್ತವೆ:

```
 ನ      ಜ       ಭ        ಜ        ಜ        ಜ        ರ
U U U | U – U | – U U | U – U | U – U | U – U | – U –
ಉಲಿವ | ಪಿಕಂಗ | ಳಿಂನನೆ | ಯಮಾವಿ | ನಕೊಂಬಿ | ನೊಳಿಂಪು | ಪೊಣ್ಮುಗುಂ
ಮಲೆಯ | ಶಿರಂಗ | ಳಂತಳಿ | ರಕೆಂಪಿ | ನನೇಸ | ರಕಾಂತಿ | ತೀಡುಗುಂ
ಎಲರ | ಲರಂಪ | ಳಂಚಿಪೊ | ಸಕಂಪ | ನೆತೋಂಟ | ದೊಳೆಲ್ಲ | ಬೀರುಗುಂ
ನಲಿದು | ವಸಂತ | ದೀಬೆಳ | ಗುಲೋಕ | ದಕಣ್ಗ | ಳನಿದ್ದೆ | ನೂಂಕುಗುಂ
```

ಒಂದು ಕೊರತೆ ಉಳಿದಿದೆ. 1, 2, 4ನೆಯ ಪಾದಗಳಲ್ಲಿ ಮಾತು 7ಕ್ಕೆ ನಿಲ್ಲುತ್ತದೆ. ಮೂರನೆಯದರಲ್ಲಿ ಮಾತ್ರ ‘ಪಳಂಚಿ’ ಗುರುವನ್ನು ದಾಟಿ 8ಕ್ಕೆ ಹೋಗಿ ಮುಗಿಯುತ್ತದೆ. ಪದ್ಯಕ್ಕೆ ಉಸಿರಾಟ ಸಿಗುವುದು ಅಲ್ಲಿ. ತೆಲುಗಿನ ಚಂಪಕಮಾಲೆಯಲ್ಲಿ 11ನೆಯ ಅಕ್ಷರಕ್ಕೆ ಯತಿ ನಿಯಮ ಇದೆ. ಕನ್ನಡ ಕವಿಗಳು ಯತಿಗೆ ಕಟ್ಟುಬೀಳದೆ ಪದವನ್ನು ಎಲ್ಲಿ ಬೇಕೋ ಅಲ್ಲಿ ಒಡೆದುಕೊಂಡವರು, ಹಾಗಿರುವಾಗ ಮೂರು ಸಾಲು ಒಂದೇ ಕಡೆ ನಿಂತದ್ದು ಸೌಕರ್ಯವನ್ನು ಬಳಸಿಕೊಳ್ಳದೆ ಬಿಟ್ಟಂತೆ. ನಾಲ್ಕೂ ಕಡೆ ‘-ಗುಂ’ ಎಂದು ಮುಗಿದದ್ದೂ ಅದೇ ಏಕತಾನ. ಎರಡನೆಯ ಪಾದವನ್ನು ತಿದ್ದುವುದು ಬಾಕಿ.

ಮುಂದಿನ ವಾರಕ್ಕೆ ಇದೇ ವಿಷಯ ಉತ್ಪಲಮಾಲೆಯಲ್ಲಿ. ಚಂಪಕಮಾಲೆಯ ಮೊದಲ ಎರಡು ಲಘುವಿನ ಜಾಗಕ್ಕೆ ಒಂದು ಗುರು ಇಟ್ಟರೆ 20 ಅಕ್ಷರದ ಉತ್ಪಲಮಾಲೆ ಆಗುತ್ತದೆ, ಮಿಕ್ಕದ್ದು ಹಾಗೆಯೇ. ಈ ಪದ್ಯದ ತಲೆಯನ್ನಷ್ಟೇ ಬದಲಿಸಿದರೆ ಸಾಕೆನಿಸುತ್ತದೆ, ಆದರೆ ಸಾಲದು: ಈಗಿನ ಮೂರನೆಯ ಅಕ್ಷರ ಆಗ ಎರಡನೆಯದಾಗುತ್ತದೆ, ನಾಲ್ಕು ಪಾದಗಳಲ್ಲಿ ಅಲ್ಲಿರುವುದು ವ, ಯ, ರ, ದ. ಪ್ರಾಸ ಹುಡುಕುವ ಕೆಲಸ ಮೊದಲಿನಿಂದ ಶುರು, ಈ ಸಲ ಸಿಂಹವನ್ನು ಬಿಟ್ಟು ಉಳಿದ ಐದರಲ್ಲಿ.