ಉಸಿರು ಒಂದಾಗುವ ಹೊತ್ತು

ಮನೆಯಲ್ಲಿ ಒಬ್ಬನೇ ಕೂತು ಪಂಚಾಕ್ಷರಿ ಜಪಿಸಿದರೆ ಹತ್ತೇ ನಿಮಿಷಕ್ಕೆ ಮನಸ್ಸು ಹಾಲಿನವನ ಬಾಕಿಗೆ ಓಡುತ್ತೆ. ನಿನ್ನೆ ಶ್ರಾವಣ ಸೋಮವಾರ, ದಾವಣಗೆರೆಯ ನಮ್ಮ ಓಣಿಯ ಗುಡಿಯಲ್ಲಿ ಎರಡು ತಾಸು ಭಜನೆ ಮಾಡಿದರೂ ದಣಿವೇ ಇಲ್ಲ!

ಗುಟ್ಟು ಉಸಿರಲ್ಲಿದೆ ಅನ್ಸುತ್ತೆ. ಮುಂದೆ ಹೇಳೋ ಅಜ್ಜ ಒಂದು ಸಾಲು ಎತ್ತಿದರೆ, ಅದು ಮುಗಿಯೋವರೆಗೂ ನಮಗೆ ಬಿಡುವು. ಆಮೇಲೆ ಅದೇ ಸಾಲನ್ನು ಎಲ್ಲರೂ ಉದ್ದಕ್ಕೆ ಹಾಡಿ, ಸಾಲಿನ ಕೊನೆಗೆ ಒಟ್ಟಿಗೇ ಉಸಿರೆಳೀತೀವಿ. 2013ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಗುಂಪಿನಲ್ಲಿ ಹಾಡುವವರ ಎದೆಬಡಿತ ಅಳೆದಿದ್ದರು. ನಿಧಾನದ ಮಂತ್ರವನ್ನು ಸಾಲುಗಳ ನಡುವೆ ಮಾತ್ರ ಉಸಿರು ತಗೊಂಡು ಹಾಡಿದಾಗ, ಎಲ್ಲರ ಎದೆಬಡಿತವೂ ಒಟ್ಟಿಗೇ ಏರಿ ಇಳಿಯಿತಂತೆ. ಒಬ್ಬನೇ ಇದ್ದಾಗಲೂ ಉಸಿರು ನಿಧಾನ ಮಾಡಬಹುದು, ಆದರೆ ಅಲ್ಲಿ ಲೆಕ್ಕ ಇಡೋನೂ ನಾನೇ.

ಇದು ಕೆಡೋದೂ ಸುಲಭ. ಹತ್ತೂವರೆ ಹೊತ್ತಿಗೆ ಹುಡುಗರು ಹುರುಪಿನಲ್ಲಿ ತಾಳ ಓಡಿಸಿದರು. ಸಾಲುಗಳ ನಡುವೆ ಉಸಿರಿಗೆ ಜಾಗವೇ ಇಲ್ಲ, ಹಿಂದಿನ ಸಾಲಿನ ಹೆಂಗಸರ ದನಿ ಒಂದೊಂದೇ ನಿಂತಿತು. ಅಜ್ಜ ಹಾರ್ಮೋನಿಯಂ ಬಿಟ್ಟು ಕೈ ಎತ್ತಿದರು: "ಏ ತಮ್ಮಾ, ಬಸ್ಸೇನು ತಪ್ಪಂಗಿಲ್ಲ, ನಿಧಾನಕ್ಕೆ ಬಾರಿಸು." ಮತ್ತೆ ಮೊದಲ ಸಾಲಿನಿಂದ ಶುರುವಾಯ್ತು.