ಹೋಪ್, ವಿಶ್ ಮತ್ತು ತುಂಬದ ಕೆಆರ್‌ಎಸ್

“ಮಿಸ್, ಹೋಪ್‌ಗೂ ವಿಶ್‌ಗೂ ಏನು ವ್ಯತ್ಯಾಸ? ಎರಡೂ ಆಸೆನೇ ಅಲ್ವಾ? ಒಂದೇ ಲೈನ್‌ನಲ್ಲಿ ಹೇಳಿ, ನಾಳೆ ಟೆಸ್ಟ್ ಇದೆ.”

ಒಂದೇ ಲೈನ್ ತಾನೆ, ತಗೊಳ್ಳಿ. ಹೇಗಾಯಿತೋ, ಹೇಗಾಗುತ್ತದೋ ಗೊತ್ತಿಲ್ಲದೆ ಆಸೆಪಟ್ಟರೆ ಹೋಪ್. ಹಾಗಿಲ್ಲ, ಹಾಗಾಗಲಿಲ್ಲ ಅಂತ ಗೊತ್ತಿದ್ದೂ ಆಸೆಪಟ್ಟರೆ ವಿಶ್. ಈಗ ಫೋನ್ ಇಡಬಹುದು.

ಆದರೆ ಯಾರೂ ಇಡುವುದಿಲ್ಲ. “ಅಷ್ಟೇನಾ? ಹಾಗಾದ್ರೆ ವುಡ್ ಎಲ್ಲಿ ಹಾಕೋದು?” ಅಂತ ಶುರುವಾಗುತ್ತದೆ. ಮಂಡ್ಯದಲ್ಲಿ ಇಂಗ್ಲಿಷ್ ಟ್ಯೂಷನ್ ಮಾಡುವವಳಿಗೆ ಈ ಪ್ರಶ್ನೆಯಿಂದ ಬಿಡುಗಡೆ ಇಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಕೇಳಿದ್ದಾರೆ. ಕೇಳುವವರು ಉತ್ತರವನ್ನೂ ಜೊತೆಗೇ ತಂದಿರುತ್ತಾರೆ. “ಹೋಪ್ ಅಂದ್ರೆ ಜಾಸ್ತಿ ಆಸೆ, ವಿಶ್ ಅಂದ್ರೆ ಕಮ್ಮಿ ಆಸೆ, ಸರಿ ತಾನೆ?” ಸರಿಯಲ್ಲ. ಆಸೆ ಎಷ್ಟಿದೆ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಪೂರ್ತಿ ಬೋಳಾದ ಮನುಷ್ಯ ಪ್ರಾಣಬಿಟ್ಟು ಕೂದಲು ಬೇಕು ಅಂತ ಆಸೆಪಟ್ಟರೂ ಅವನು ಹೇಳಬೇಕಾದ್ದು “ಐ ವಿಶ್ ಐ ಹ್ಯಾಡ್ ಹೇರ್” ಅಂತಲೇ. ಪಕ್ಕದಲ್ಲಿರುವವನು ಸುಮ್ನೆ ಮಾತಿಗೆ “ಐ ಹೋಪ್ ಇಟ್ ರೇನ್ಸ್” ಅನ್ನಬಹುದು. ಮಳೆ ಬಂದರೂ ಬರದಿದ್ದರೂ ಅವನಿಗೆ ಅಂಥ ಚಿಂತೆಯೇನೂ ಇರದಿರಬಹುದು.

ನನ್ನ ತಾಳ್ಮೆ ಕೆಟ್ಟಿದ್ದು ಒಂದು ಬೀಗರೂಟದಲ್ಲಿ. ಎಲೆಗೆ ಮುದ್ದೆ ಬಿದ್ದಿದೆ, ಸಾರು ಇನ್ನೂ ಎರಡು ಎಲೆ ಆಚೆ ಇದೆ. ಅಷ್ಟರಲ್ಲಿ ನಮ್ಮ ದೊಡ್ಡಪ್ಪ ತಮ್ಮ ಮೊಮ್ಮಗಳ ಫೋನನ್ನು ನನ್ನ ಎಲೆಯ ಪಕ್ಕಕ್ಕೆ ತಳ್ಳಿದರು. “ನೋಡವ್ವ, ಈ ಮಗಿಗೆ ಇದೊಂದು ಹೇಳ್ಬುಡು. ಗೈಡ್‌ನಾಗೆ ಒಂಥರಾ ಅದೆ, ಇವಳು ಇನ್ನೊಂಥರಾ ಬರ್ದವಳೆ.” ಫೋನಿನಲ್ಲಿ ‘ತಪ್ಪನ್ನು ಸರಿಪಡಿಸಿ’ ಥರದ ಒಂದು ಹಾಳೆಯ ಫೋಟೋ. ತಲೆಬರಹ ಕತ್ತರಿಸಿಹೋಗಿತ್ತು. ವಾಕ್ಯ ಇದು: “ಐ ವಿಶ್ ಕೆಆರ್‌ಎಸ್ ವಿಲ್ ಫಿಲ್ ದಿಸ್ ಇಯರ್.” ಹುಡುಗಿ ವಿಶ್ ತೆಗೆದು ಹೋಪ್ ಹಾಕಿದ್ದಳು. ಗೈಡಿನವರು ವಿಲ್ ತೆಗೆದು ವುಡ್ ಹಾಕಿದ್ದರು. “ಯಾವ್ದು ಸರಿ, ಒಂದೇ ಮಾತ್ನಲ್ಲಿ ಹೇಳು” ಅಂದರು ದೊಡ್ಡಪ್ಪ. ಸಾರು ಬಂತು. ನಾನು ಹೇಳುತ್ತಾ ಹೋದೆ. ಸಾರು ಆರಿತು.

ಅವತ್ತು ಅರ್ಧಕ್ಕೆ ನಿಂತದ್ದನ್ನು ಇಲ್ಲಿ ಪೂರ್ತಿ ಮಾಡುತ್ತೇನೆ. ಕಟ್ಟೆ ನಮ್ಮದೇ ಆದ್ದರಿಂದ ಅದನ್ನೇ ಇಟ್ಟುಕೊಳ್ಳೋಣ. ಕೆಆರ್‌ಎಸ್ ತುಂಬಿತು ಅನ್ನಬೇಕಾದರೆ ನೀರು 124.80 ಅಡಿ ಮುಟ್ಟಬೇಕು, ಅದು ಮಂಡ್ಯದ ಮಕ್ಕಳಿಗೂ ಗೊತ್ತು.

ಜೂನ್ ತಿಂಗಳು ಅಂದುಕೊಳ್ಳಿ. ಕೊಡಗಿನಲ್ಲಿ ಮಳೆ ಈಗಷ್ಟೇ ಹಿಡಿದಿದೆ. ಕಟ್ಟೆ ತುಂಬಬಹುದು, ತುಂಬದೇ ಇರಬಹುದು. ಯಾರಿಗೂ ಗೊತ್ತಿಲ್ಲ. ಆಗ “ಐ ಹೋಪ್ ಕೆಆರ್‌ಎಸ್ ಫಿಲ್ಸ್ ದಿಸ್ ಇಯರ್.” ಮಾತು ಮುಂದಿನದ್ದಾದರೂ ವರ್ಬ್ ಪ್ರೆಸೆಂಟ್‌ನಲ್ಲಿದೆ. ಹೋಪ್ ಆದಮೇಲೆ ಇದು ಮಾಮೂಲು. “ವಿಲ್ ಫಿಲ್” ಅಂದರೂ ತಪ್ಪಿಲ್ಲ. ಆದರೆ “ಐ ಹೋಪ್” ಅಂತ ಈಗಿನ ಆಸೆ ಹೇಳಿ, ಮುಂದೆ “ವುಡ್ ಫಿಲ್” ಅಂತ ಬರೆಯಬೇಡಿ. ನಮ್ಮ ಆಫೀಸು ಪತ್ರಗಳಲ್ಲಿ “ಐ ಹೋಪ್ ಯು ವುಡ್ ಡು ದಿ ನೀಡ್‌ಫುಲ್” ಅಂತ ಬರೆಯುವ ಚಾಳಿ ಇದೆ. ಅಲ್ಲಿ ವಿಲ್ ಸಾಕು. ವುಡ್ ಹಾಕಿದರೆ ಮರ್ಯಾದೆ ಜಾಸ್ತಿ ಆಗುತ್ತದೆ ಅಂದುಕೊಂಡಿದ್ದಾರೆ. ಅದು ಬರುವುದು “ಐ ಹೋಪ್ಡ್” ಅಂತ ಹಿಂದಿನ ಆಸೆ ಹೇಳಿದಾಗ.

ಈಗ 2023ಕ್ಕೆ ಬನ್ನಿ. ಆ ವರ್ಷ ಬರ. ಕಟ್ಟೆ ತುಂಬಲೇ ಇಲ್ಲ. ಅದು ಮುಗಿದ ಕಥೆ, ಎಲ್ಲರಿಗೂ ಗೊತ್ತು. ಅದಕ್ಕೆ “ಐ ವಿಶ್ ಕೆಆರ್‌ಎಸ್ ಹ್ಯಾಡ್ ಫಿಲ್ಡ್ ಇನ್ 2023.” ಹ್ಯಾಡ್ ಬಂತು, ಅದರ ಹಿಂದೆ ಪಾಸ್ಟ್ ಪಾರ್ಟಿಸಿಪಲ್ ಬಂತು. ಆಗಿಹೋದದ್ದು ಬೇರೆ ಥರ ಆಗಿದ್ದರೆ ಅನ್ನುವಾಗ ಇದೇ ರೂಪ.

ಇನ್ನೊಂದು ದಿನ ಕಟ್ಟೆ ಮೇಲೆ ನಿಂತಿದ್ದೀರಿ, ಕಲ್ಲುಬಂಡೆ ಕಾಣುವಷ್ಟು ನೀರು ಕೆಳಗಿದೆ. ಈಗ, ಈ ಹೊತ್ತಿನ ಮಾತು. “ಐ ವಿಶ್ ಕೆಆರ್‌ಎಸ್ ವರ್ ಫುಲ್.” ನಿನ್ನೆಯದಲ್ಲ, ಈಗಿನದ್ದು, ಆದರೂ ವರ್ಬ್ ಪಾಸ್ಟ್‌ನಲ್ಲಿದೆ. ಹೀಗೆ ಒಂದು ಮೆಟ್ಟಿಲು ಹಿಂದಕ್ಕೆ ಹೋಗುವುದೇ ವಿಶ್‌ನ ಲೆಕ್ಕ. ಈಗ ಇಲ್ಲದ್ದಕ್ಕೆ ಪಾಸ್ಟ್, ಆಗ ಆಗದಿದ್ದಕ್ಕೆ ಪಾಸ್ಟ್ ಪರ್ಫೆಕ್ಟ್. ವರ್ ಬದಲು ವಾಸ್ ಅಂದರೆ ಮಾತಿನಲ್ಲಿ ನಡೆಯುತ್ತದೆ. ಪರೀಕ್ಷೆಯಲ್ಲಿ ವರ್ ಬರೆದರೆ ತಕರಾರಿಲ್ಲ.

ಗೈಡಿನ “ಐ ವಿಶ್ ಕೆಆರ್‌ಎಸ್ ವುಡ್ ಫಿಲ್” ಕೂಡ ಇಂಗ್ಲಿಷೇ. ಆದರೆ ಅದರ ದನಿಯೇ ಬೇರೆ. ಕಾದು ಕಾದು ಬೇಸತ್ತವನ ಮಾತು ಅದು. ತುಂಬುವ ಹಾಗೆ ಕಾಣುತ್ತಿಲ್ಲ, ಆದರೂ ತುಂಬಬಾರದಾ ಅಂತ ಗೊಣಗುವುದು. ವಿಶ್ ಮುಂದೆ ವುಡ್ ಬಂದರೆ ಹೆಚ್ಚಾಗಿ ದೂರೋ ಅಸಹನೆಯೋ ಇರುತ್ತದೆ. ಜೂನ್‌ನಲ್ಲಿ ಮೋಡ ನೋಡಿ ಖುಷಿಯಾದ ರೈತ ಹೀಗೆ ಹೇಳುವುದಿಲ್ಲ.

ಇಷ್ಟು ಕೇಳಿ ದೊಡ್ಡಪ್ಪ “ಹಂಗಾರೆ ಎರಡೂ ಸರಿನಾ?” ಅಂದರು. ಅಲ್ಲಿಗೆ ಬಂದರು ನೋಡಿ! ವ್ಯತ್ಯಾಸ ಏನು ಅಂತ ಕೇಳುವ ಬದಲು ಜನ ನನ್ನನ್ನು ಇದನ್ನು ಕೇಳಬೇಕು: ತಪ್ಪು ವಾಕ್ಯ ಕೊಟ್ಟಾಗ ಯಾವ ಪದವನ್ನು ಮುಟ್ಟಬೇಕು?

ಯಾಕೆಂದರೆ ಇಂಥ ವಾಕ್ಯದಲ್ಲಿ ರಿಪೇರಿ ಮಾಡಬಹುದಾದ ಜಾಗ ಎರಡು. ಮೊದಲು ಬರುವ ಹೋಪ್, ವಿಶ್ ಬದಲಿಸಬಹುದು, ಇಲ್ಲ ಆಮೇಲೆ ಬರುವ ವರ್ಬ್ ಬದಲಿಸಬಹುದು. ಎಷ್ಟೋ ಸಲ ಎರಡರಿಂದಲೂ ವ್ಯಾಕರಣ ಸರಿಹೋಗುತ್ತದೆ. ಅರ್ಥ ಮಾತ್ರ ಒಂದರಿಂದಲೇ ಸರಿಹೋಗುತ್ತದೆ. “ಐ ವಿಶ್ ಯು ವಿಲ್ ಪಾಸ್” ಅಂತ ಇದ್ದರೆ ಹೋಪ್ ಹಾಕಿ. ಅಲ್ಲಿ ವುಡ್ ಹಾಕಿದರೆ ‘ನೀನು ಇನ್ನಾದರೂ ಪಾಸಾಗಬಾರದಾ’ ಅಂತ ಮಗುವನ್ನು ಬೈದಂತೆ. “ಐ ಹೋಪ್ ಐ ಹ್ಯಾಡ್ ಎ ಸ್ಕೂಟರ್” ಅಂತ ಇದ್ದರೆ ವಿಶ್ ಹಾಕಿ. ಹ್ಯಾಡ್ ಮುಟ್ಟಬೇಡಿ. ಅದನ್ನು ಹ್ಯಾವ್ ಮಾಡಿದರೆ, ತನ್ನ ಮನೆ ಮುಂದೆ ಸ್ಕೂಟರ್ ಇದೆಯೋ ಇಲ್ಲವೋ ತನಗೇ ಗೊತ್ತಿಲ್ಲ ಅಂದಹಾಗಾಗುತ್ತದೆ. “ಐ ವಿಶ್ ಐ ವುಡ್ ಬಿ ಟಾಲರ್” ಅಂತ ಇದ್ದರೆ ವಿಶ್ ಇರಲಿ, “ವುಡ್ ಬಿ” ತೆಗೆದು ವರ್ ಹಾಕಿ. ನಮ್ಮ ಮೇಲೆ ನಾವೇ ವುಡ್ ಹಾಕಿ ದೂರು ಹೇಳುವುದಿಲ್ಲ. ನಮ್ಮಿಂದ ಆಗುವುದಿಲ್ಲವಲ್ಲ ಅನ್ನುವ ಅರ್ಥವಿದ್ದರೆ ಕುಡ್ ಬರುತ್ತದೆ: “ಐ ವಿಶ್ ಐ ಕುಡ್ ಸ್ವಿಮ್.”

ನಮ್ಮ ಹುಡುಗರು ಗುಂಡಿಗೆ ಬೀಳುವ ವಾಕ್ಯ ಇನ್ನೊಂದಿದೆ. “ಐ ಹೋಪ್ ಶಿ ಕಾಟ್ ದಿ ಲಾಸ್ಟ್ ಬಸ್.” ಇದನ್ನು ಕೊಟ್ಟರೆ ಸಾಕು, ಕಾಟ್ ಪಾಸ್ಟ್ ಅಲ್ವಾ, ಪಾಸ್ಟ್ ಬಂದರೆ ವಿಶ್ ಅಲ್ವಾ ಅಂತ ಹೋಪ್ ಹೊಡೆದುಹಾಕುತ್ತಾರೆ. ವಾಕ್ಯದಲ್ಲಿ ತಪ್ಪೇ ಇಲ್ಲ! ಮಗಳು ಮೈಸೂರಿನಿಂದ ಹೊರಟಿದ್ದಾಳೆ, ಫೋನ್ ತಗೊಳ್ಳುತ್ತಿಲ್ಲ, ರಾತ್ರಿಯಾಗಿದೆ. ಬಸ್ ಹೋಗಿ ಆಗಿದೆ. ಅವಳು ಹತ್ತಿದಳೋ ಇಲ್ಲವೋ ಅನ್ನುವುದೂ ತೀರ್ಮಾನವಾಗಿ ಹೋಗಿದೆ. ಆದರೆ ಮನೆಯಲ್ಲಿ ಕೂತ ತಾಯಿಗೆ ಗೊತ್ತಿಲ್ಲ. ಗೊತ್ತಿಲ್ಲದವರೆಗೂ ಹೋಪ್. ಹತ್ತು ನಿಮಿಷ ಬಿಟ್ಟು ಮೆಸೇಜ್ ಬರುತ್ತದೆ, “ಬಸ್ ಮಿಸ್ ಆಯ್ತಮ್ಮ.” ಆ ಕ್ಷಣದಿಂದ ಅದೇ ತಾಯಿ, ಅದೇ ಬಸ್ಸು, ಅದೇ ಆಸೆ: “ಐ ವಿಶ್ ಶಿ ಹ್ಯಾಡ್ ಕಾಟ್ ದಿ ಲಾಸ್ಟ್ ಬಸ್.” ಬಸ್ಸಿನ ವಿಷಯದಲ್ಲಿ ಏನೂ ಬದಲಾಗಿಲ್ಲ. ತಾಯಿಗೆ ವಿಷಯ ತಿಳಿಯಿತು, ಅಷ್ಟೇ.

ಹಾಗಾಗಿ ಟೆನ್ಸ್ ನೋಡಿ ಹೋಪ್, ವಿಶ್ ಆರಿಸಬೇಡಿ. ಹೇಳುವವರಿಗೆ ಏನು ಗೊತ್ತು ಅಂತ ಮೊದಲು ನೋಡಿ, ಆಮೇಲೆ ಟೆನ್ಸ್. ಅನುಮಾನ ಬಂದರೆ ಕನ್ನಡದಲ್ಲಿ ಹೇಳಿಕೊಳ್ಳಿ. “ಬಸ್ ಸಿಕ್ಕಿದ್ರೆ ಸಾಕಪ್ಪ” ಅಂತ ಬಾಯಿಗೆ ಬಂದರೆ ಹೋಪ್. “ಸಿಕ್ಕಿದ್ದಿದ್ರೆ ಚೆನ್ನಾಗಿತ್ತು” ಅಂತ ಬಂದರೆ ವಿಶ್. ವುಡ್‌ನ ಗೊಣಗಾಟಕ್ಕೆ ಮಾತ್ರ ಈ ಉಪಾಯ ಪೂರ್ತಿ ಕೆಲಸ ಮಾಡುವುದಿಲ್ಲ, ಅದನ್ನು ಬೇರೆಯಾಗಿಯೇ ನೆನಪಿಡಬೇಕು.

ಇಲ್ಲಿ ಯಾರಾದರೂ ಜಾಣರು ಎದ್ದು ನಿಂತು “ಹಾಗಾದ್ರೆ ಐ ವಿಶ್ ಯು ಎ ಹ್ಯಾಪಿ ಮ್ಯಾರೀಡ್ ಲೈಫ್ ಅಂದ್ರೆ ಬಾಳೋದಿಲ್ಲ ಅಂತ ಗೊತ್ತಿದೆ ಅಂತಾನಾ?” ಅಂತಾರೆ. ಆ ಬೀಗರೂಟದಲ್ಲೂ ಒಬ್ಬರು ಅಂದರು, ಗಂಡಿನ ಕಡೆಯವರು. ಅಲ್ಲಪ್ಪ. ಅಲ್ಲಿ ವಿಶ್ ಆದಮೇಲೆ ಒಬ್ಬ ಮನುಷ್ಯ, ಆಮೇಲೆ ಒಂದು ನೌನ್. ವರ್ಬೇ ಇಲ್ಲ. ಅದು ಹಾರೈಕೆ. ಅಲ್ಲಿ ವರ್ಬ್ ತುರುಕಿ “ಐ ವಿಶ್ ಯು ವಿಲ್ ಬಿ ಹ್ಯಾಪಿ” ಅಂದಾಗಲೇ ಕೆಡುವುದು. “ಐ ವಿಶ್ ಟು ಇನ್ಫಾರ್ಮ್ ಯು” ಅಂತ ಪತ್ರದಲ್ಲಿ ಬರುವುದೂ ಬೇರೆ. ಅಲ್ಲಿ ‘ಬೇಕು’ ಅನ್ನುವುದನ್ನೇ ಕೋಟು ಹಾಕಿಸಿ ನಿಲ್ಲಿಸಿದ್ದಾರೆ.

ಹುಡುಗಿಯ ಹಾಳೆ ಏನಾಯಿತು ಅಂತ ಕೇಳಬಹುದು. ಸಂಜೆ ಪೂರ್ತಿ ಫೋಟೋ ಕಳಿಸಿದಳು. ಕತ್ತರಿಸಿಹೋಗಿದ್ದ ತಲೆಬರಹದಲ್ಲಿ ‘ಗೆರೆ ಎಳೆದ ವರ್ಬ್ ಮಾತ್ರ ಸರಿಪಡಿಸಿ’ ಅಂತ ಇತ್ತು, ಗೆರೆ ಇದ್ದದ್ದು “ವಿಲ್ ಫಿಲ್” ಕೆಳಗೆ. ವಿಶ್ ಮುಟ್ಟುವ ಹಾಗೇ ಇರಲಿಲ್ಲ. ಹಾಗಿದ್ದಮೇಲೆ ಗೈಡಿನ ವುಡ್ ಸರಿ, ಮಾರ್ಕ್ಸ್ ಅದಕ್ಕೇ. ಹುಡುಗಿಯ ವಾಕ್ಯ ಒಳ್ಳೆಯದು, ಉತ್ತರ ತಪ್ಪು. ದೊಡ್ಡಪ್ಪನಿಗೆ ಫೋನ್ ಮಾಡಿ ಇದನ್ನೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಅದೆಲ್ಲ ಸರಿ ಕಣವ್ವ, ಒಂದೇ ಮಾತ್ನಲ್ಲಿ ಏನು?” ಅಂದರು.

ಐ ವಿಶ್ ಪೀಪಲ್ ವುಡ್ ಸ್ಟಾಪ್ ಆಸ್ಕಿಂಗ್ ದಟ್. ಇಲ್ಲಿ ವುಡ್ ಯಾಕೆ ಬಂತು ಅಂತ ಈಗ ನೀವೇ ಹೇಳಿ.